ಚೌತಿಯ ಊಟಕ್ಕೆ ಅನ್ಯಧರ್ಮದ ಸಹೋದ್ಯೋಗಿಗಳನ್ನು ಕರೆಯುವುದು: ಅನುಭವ ಹಂಚಿಕೆ

ಕೇಳಿದವರು, ಶಿರಸಿ: ನಮ್ಮದು ಹವ್ಯಕರ ಮನೆ. ಈ ಸಲದ ಚೌತಿಯ ಮಧ್ಯಾಹ್ನದ ಊಟಕ್ಕೆ ಕಚೇರಿಯ ಇಬ್ಬರು ಮುಸ್ಲಿಂ ಸಹೋದ್ಯೋಗಿಗಳು, ಒಬ್ಬ ಕ್ರೈಸ್ತ ಸಹೋದ್ಯೋಗಿ ಮತ್ತು ಪಕ್ಕದ ಮನೆಯ ಜೈನ ಕುಟುಂಬವನ್ನು ಕರೆಯಬೇಕೆಂದಿದ್ದೇನೆ. ಮೊದಲೇ ಏನನ್ನು ತಿಳಿಸಬೇಕು, ಅವರಿಗೆ ಮುಜುಗರವಾಗದಂತೆ ಏನು ಮಾಡಬೇಕು ಎಂಬುದನ್ನು ಅನುಭವವಿದ್ದವರು ಹೇಳಿ.

ಸಿದ್ದಾಪುರದ ನಿವೃತ್ತ ಶಿಕ್ಷಕಿ: ನಮ್ಮ ಮನೆಯ ಚೌತಿಗೆ ಬಹಳ ವರ್ಷಗಳಿಂದ ಬೇರೆ ಬೇರೆ ಧರ್ಮದವರು ಬರುತ್ತಿದ್ದಾರೆ. ಅಡುಗೆ ಸಸ್ಯಾಹಾರ, ಈರುಳ್ಳಿ ಬೆಳ್ಳುಳ್ಳಿ ಇಲ್ಲ ಎಂದು ಹೇಳುವುದು ಸುಲಭ. ಕಷ್ಟವಾಗುವುದು ನೈವೇದ್ಯದ ವಿಷಯ. ಮುಸ್ಲಿಮರಲ್ಲಿ ಕೆಲವರು, ಕ್ರೈಸ್ತರಲ್ಲಿಯೂ ಕೆಲವರು, ದೇವರಿಗೆ ಅರ್ಪಿಸಿದ್ದನ್ನು ತಿನ್ನುವುದಿಲ್ಲ. ಇನ್ನು ಕೆಲವರಿಗೆ ಅದರಿಂದ ಏನೂ ಅಡ್ಡಿಯಿಲ್ಲ. ಎಲೆಯ ಮುಂದೆ ಕುಳಿತ ಮೇಲೆ ಈ ಪ್ರಶ್ನೆ ಎದ್ದರೆ ಅತಿಥಿಗೆ ಬೇಡವೆನ್ನುವ ದಾರಿಯೇ ಇರುವುದಿಲ್ಲವಾದ್ದರಿಂದ ನಾನು ಪ್ರತಿಯೊಬ್ಬರಿಗೂ ಪ್ರತ್ಯೇಕವಾಗಿ ಫೋನ್ ಮಾಡಿ ಕೇಳುತ್ತೇನೆ. ನಾಲ್ಕು ಜನರ ಎದುರು ಎಂದೂ ಕೇಳುವುದಿಲ್ಲ. ನೈವೇದ್ಯಕ್ಕೆಂದು ಎಲೆಯ ಮೇಲೆ ಬಡಿಸಿದ ಅನ್ನ, ಪಾಯಸ, ಪಂಚಕಜ್ಜಾಯಗಳನ್ನು ಪೂಜೆಯ ನಂತರ ಮತ್ತೆ ದೊಡ್ಡ ಪಾತ್ರೆಗಳಿಗೆ ಬೆರೆಸುವ ರೂಢಿ ಅನೇಕ ಮನೆಗಳಲ್ಲಿದೆ. ನಾವು ಅಂದು ಹಾಗೆ ಬೆರೆಸುವುದಿಲ್ಲ. ನೈವೇದ್ಯದ್ದನ್ನು ಬೇರೆಯೇ ತಟ್ಟೆಯಲ್ಲಿ ದೇವರ ಕೋಣೆಯ ಬಾಗಿಲಲ್ಲಿ ಇಟ್ಟಿರುತ್ತೇವೆ. ಬೇಕಾದವರು ತಾವೇ ತೆಗೆದುಕೊಳ್ಳುತ್ತಾರೆ. ಯಾರ ಎಲೆಗೂ ನಾವಾಗಿ ಪ್ರಸಾದ ಹಾಕುವುದಿಲ್ಲ.

ಎರಡನೆಯದು ಸಮಯ. ಗಣಪತಿಯನ್ನು ಕೂರಿಸಿ, ಪೂಜೆ, ಮಂಗಳಾರತಿ ಮುಗಿಯುವವರೆಗೆ ಎಲೆ ಹಾಕುವುದಿಲ್ಲ. ಹನ್ನೆರಡಕ್ಕೆ ಬನ್ನಿ ಎಂದು ಕರೆದರೆ ಅತಿಥಿಗಳು ಒಂದೂವರೆಯವರೆಗೆ ಹಸಿದು ಕೂರುತ್ತಾರೆ, ಮಂಗಳಾರತಿಯ ಹೊತ್ತಿನಲ್ಲಿ ಏಳಬೇಕೋ ಬೇಡವೋ ಎಂದು ಪೇಚಾಡುತ್ತಾರೆ. ಆದ್ದರಿಂದ ಪೂಜೆ ಇಷ್ಟು ಹೊತ್ತಿಗೆ, ಊಟ ಇಷ್ಟು ಹೊತ್ತಿಗೆ, ಯಾವುದಕ್ಕೆ ಬರುವುದು ನಿಮ್ಮ ಇಷ್ಟ ಎಂದು ಬಿಡಿಸಿ ಹೇಳಿ. ಹಬ್ಬ ಶುಕ್ರವಾರ ಬಿದ್ದರೆ ಮಧ್ಯಾಹ್ನದ ನಮಾಜಿನ ಹೊತ್ತನ್ನೂ ನೋಡಬೇಕಾಗುತ್ತದೆ; 2026ರ ಚೌತಿ ಸೆಪ್ಟೆಂಬರ್ 14ರ ಸೋಮವಾರವಾದ್ದರಿಂದ ಆ ತೊಡಕಿಲ್ಲ.

ಕುಮಟಾದಿಂದ ಒಬ್ಬರು: ಜೈನರ ಬಗ್ಗೆ ನೀವು ಯೋಚಿಸುವುದೇ ಬೇಡ. ನಮ್ಮ ಹಬ್ಬದ ಅಡುಗೆಯಲ್ಲಿ ಈರುಳ್ಳಿ, ಬೆಳ್ಳುಳ್ಳಿ ಇರುವುದೇ ಇಲ್ಲವಾದ್ದರಿಂದ ಅವರಿಗೆ ಎಲ್ಲವೂ ಆಗುತ್ತದೆ.

ಸೋಂದಾ ಕಡೆಯ ಜೈನ ಗೃಹಿಣಿ: ಅಣ್ಣಾ, ನೀವು ಹೇಳಿದ್ದು ಅರ್ಧ ಮಾತ್ರ ಸರಿ. ನೆಲದೊಳಗೆ ಬೆಳೆಯುವ ಬಟಾಟೆ, ಮೂಲಂಗಿ, ಗಜ್ಜರಿ, ಸುವರ್ಣಗಡ್ಡೆ ಯಾವುದೂ ನಮಗೆ ಆಗುವುದಿಲ್ಲ. ಹಸಿ ಶುಂಠಿಯೂ ಬೇಡ. ಒಣಗಿದ ಅರಿಶಿನ, ಒಣಶುಂಠಿ ನಡೆಯುತ್ತದೆ. ಚಾತುರ್ಮಾಸದಲ್ಲಿ ಸೊಪ್ಪು ಬಿಡುವವರೂ ಇದ್ದಾರೆ. ಹುಳಿಗೆ ಮಂಗಳೂರು ಸೌತೆ ಅಥವಾ ಕುಂಬಳಕಾಯಿ, ಪಲ್ಯಕ್ಕೆ ತೊಂಡೆಕಾಯಿ ಅಥವಾ ಬಾಳೆಕಾಯಿ, ಕೋಸಂಬರಿಗೆ ಗಜ್ಜರಿಯ ಬದಲು ಎಳೆಸೌತೆ ಹಾಕಿದರೆ ಬೇರೆ ಅಡುಗೆಯನ್ನೇ ಮಾಡಬೇಕಾಗಿಲ್ಲ, ಎಲ್ಲರಿಗೂ ಒಂದೇ ಪಾತ್ರೆಯಿಂದ ಬಡಿಸಬಹುದು.

ಅದಕ್ಕಿಂತ ಮೊದಲು ಆ ಮನೆಯವರು ದಿಗಂಬರರೋ ಶ್ವೇತಾಂಬರರೋ ಎಂಬುದನ್ನು ಕೇಳಿ. ನಾವು ದಿಗಂಬರರು, ನಮ್ಮ ದಶಲಕ್ಷಣ ಪರ್ವ ಚೌತಿಯ ಮರುದಿನ, ಭಾದ್ರಪದ ಶುದ್ಧ ಪಂಚಮಿಯಿಂದ ಶುರುವಾಗುತ್ತದೆ. ಶ್ವೇತಾಂಬರರ ಪರ್ಯೂಷಣದ ಕೊನೆಯ ದಿನವಾದ ಸಂವತ್ಸರಿಯು ಚೌತಿಯಂದೇ ಅಥವಾ ಅದರ ಆಸುಪಾಸಿನಲ್ಲಿ ಬರುತ್ತದೆ, ಅಂದು ಅವರಲ್ಲಿ ಬಹಳ ಮಂದಿ ನೀರಿನ ಹೊರತು ಏನನ್ನೂ ಮುಟ್ಟದೆ ಉಪವಾಸವಿರುತ್ತಾರೆ. ಅವರು ಶ್ವೇತಾಂಬರರಾಗಿದ್ದರೆ ಊಟಕ್ಕೆ ಬೇರೊಂದು ದಿನ ಕರೆಯುವುದೇ ಮರ್ಯಾದೆ.

ಭಟ್ಕಳದ ಯುವಕರೊಬ್ಬರು: ನನ್ನದು ಇದಕ್ಕೆ ತಿರುಗಿದ ಪ್ರಶ್ನೆ. ಈದ್‌ಗೆ ನನ್ನ ಹವ್ಯಕ ಗೆಳೆಯರನ್ನು ಕರೆಯುತ್ತೇನೆ, ಅವರು ಬರುತ್ತಾರೆ, ಆದರೆ ಏನನ್ನೂ ತಿನ್ನದೆ ಹೋಗುತ್ತಾರೆ. ಹೊಸ ಪಾತ್ರೆ ತಂದು ಶೀರ್ ಖುರ್ಮಾ ಮಾಡಿಸಿದರೂ ಹೀಗೇ ಆಯಿತು. ಏನು ಮಾಡಲಿ?

ಸಿದ್ದಾಪುರದ ಶಿಕ್ಷಕಿ: ತಮ್ಮಾ, ನಮ್ಮಲ್ಲಿ ಕೆಲವರು ಮನೆಯ ಹೊರಗೆ ಬೇಯಿಸಿದ ಅನ್ನವನ್ನು ಯಾರ ಮನೆಯಲ್ಲಿಯೂ ಉಣ್ಣುವುದಿಲ್ಲ, ಅದು ನಿಮ್ಮ ಮನೆಯೆಂದೇ ಅಲ್ಲ. ಹಣ್ಣು, ಖರ್ಜೂರ, ಎಳನೀರು ಇಟ್ಟು ನೋಡಿ. ಅದನ್ನೂ ಮುಟ್ಟದೆ ಎದ್ದರೆ ಕಾರಣವನ್ನು ಅವರನ್ನೇ ಕೇಳಬೇಕು, ಅವರ ಪರವಾಗಿ ನಾನು ಹೇಳಲಾರೆ.

ಕಾರವಾರದ ಬ್ಯಾಂಕ್ ಉದ್ಯೋಗಿ: ನಾನು ಮುಸ್ಲಿಂ, ಹಬ್ಬದ ಊಟಕ್ಕೆ ಅನೇಕ ಮನೆಗಳಿಗೆ ಹೋಗಿದ್ದೇನೆ. ಪ್ರಸಾದದ ಬಗ್ಗೆ ನಮ್ಮಲ್ಲಿಯೇ ಒಮ್ಮತವಿಲ್ಲ. ಅಲ್ಲಾಹನ ಹೊರತು ಬೇರೆ ಹೆಸರಿಗೆ ಅರ್ಪಿತವಾದದ್ದನ್ನು ಕುರಾನ್ ನಿಷೇಧಿಸಿದೆ; ನಮ್ಮ ತಂದೆಯವರು ಅದು ಎಲ್ಲ ನೈವೇದ್ಯಕ್ಕೂ ಅನ್ವಯಿಸುತ್ತದೆ ಎನ್ನುತ್ತಿದ್ದರು, ನನ್ನ ಅಣ್ಣ ಅದು ಬಲಿಯ ಮಾಂಸದ ಮಾತು ಎನ್ನುತ್ತಾನೆ. ಹಾಗಾಗಿ ಒಬ್ಬ ಸಹೋದ್ಯೋಗಿ ಒಪ್ಪಿದರೆಂದು ಇನ್ನೊಬ್ಬರೂ ಒಪ್ಪುತ್ತಾರೆಂದು ತಿಳಿಯಬೇಡಿ. ಅಕ್ಕ ಹೇಳಿದಂತೆ ನೈವೇದ್ಯವನ್ನು ಬೇರೆ ಇಟ್ಟರೆ ನನಗೆ ಸಾಕು. ಆದರೆ ದೇವರ ಮುಂದೆ ಇಟ್ಟ ಪಾತ್ರೆಯದ್ದೆಲ್ಲವೂ ಅರ್ಪಿತವೇ ಎನ್ನುವ ಬಂಧುಗಳೂ ನನಗಿದ್ದಾರೆ. ಅಂಥವರು ಬರುವುದಾದರೆ ಪೂಜೆಗೆ ಮೊದಲೇ ಒಂದು ಡಬ್ಬದಲ್ಲಿ ಅನ್ನ, ಹುಳಿ ತೆಗೆದಿಡಬೇಕಾದೀತು.

ಕೇಳಿದವರು: ನಮ್ಮ ಅಮ್ಮ ಮಡಿಯಲ್ಲಿ ಅಡುಗೆ ಮಾಡುತ್ತಾರೆ. ದೇವರಿಗೆ ಮೊದಲು ಬೇರೆಯವರಿಗೆ ತೆಗೆದಿಡಲು ಅವರು ಒಪ್ಪುವುದಿಲ್ಲ. ನೈವೇದ್ಯವನ್ನು ಮತ್ತೆ ಬೆರೆಸದಿರಲು ಮಾತ್ರ ಒಪ್ಪಿದ್ದಾರೆ.

ಸಿದ್ದಾಪುರದ ಶಿಕ್ಷಕಿ: ಹಾಗಾದರೆ ಅದನ್ನು ಇದ್ದದ್ದು ಇದ್ದ ಹಾಗೆ ಹೇಳಿಬಿಡಿ. ನಾನು ಕಳಿಸುವ ಸಂದೇಶ ಹೀಗಿರುತ್ತದೆ: “ಸೋಮವಾರ ನಮ್ಮ ಮನೆಯ ಚೌತಿಯ ಊಟಕ್ಕೆ ಕುಟುಂಬಸಮೇತ ಬರಬೇಕು. ಪೂಜೆ ಹನ್ನೊಂದೂವರೆಗೆ, ಊಟ ಒಂದೂಕಾಲಕ್ಕೆ. ಅಡುಗೆಯನ್ನು ದೇವರಿಗೆ ತೋರಿಸಿದ ಮೇಲೆಯೇ ಬಡಿಸುವ ಪದ್ಧತಿ ನಮ್ಮದು. ನೈವೇದ್ಯವನ್ನು ಬೇರೆಯಾಗಿಯೇ ಇಟ್ಟಿರುತ್ತೇವೆ. ಇದು ನಿಮಗೆ ಹೊಂದದಿದ್ದರೆ ಸಂಕೋಚವಿಲ್ಲದೆ ತಿಳಿಸಿ, ಸಂಜೆ ಹಣ್ಣು, ಕಾಫಿಗೆ ಬನ್ನಿ. ನೆಲದ ಮೇಲೆ ಪಂಕ್ತಿ, ಕೂರಲಾಗದವರಿಗೆ ಮೇಜು ಇದೆ.” ಪೂಜೆ ಮುಗಿಯುವವರೆಗೆ ಅಡುಗೆಮನೆಗೆ ನಮ್ಮ ಮಕ್ಕಳೂ ಹೋಗುವುದಿಲ್ಲ ಎಂಬುದನ್ನು ಬಾಯಲ್ಲಿಯೇ ಹೇಳಿ, ಬರೆದರೆ ಅವರನ್ನೇ ತಡೆದಂತೆ ಕಾಣುತ್ತದೆ.

ಕಾರವಾರದ ಕ್ರೈಸ್ತ ಮಹಿಳೆಯೊಬ್ಬರು: ಊಟದ ಕ್ರಮವನ್ನೂ ಮೊದಲೇ ಹೇಳಿ. ಮೊದಲ ಸಲ ಹೋದಾಗ ಎಲ್ಲರೂ ಕೈ ಹಾಕುವವರೆಗೆ ಕಾಯಬೇಕೆಂಬುದು ನನ್ನ ಯಜಮಾನರಿಗೆ ತಿಳಿದಿರಲಿಲ್ಲ. ಸಾರಿನ ಅನ್ನದಲ್ಲಿಯೇ ಅವರ ಹೊಟ್ಟೆ ತುಂಬಿತು. ಆಮೇಲೆ ಹುಳಿ, ಹೋಳಿಗೆ, ಪಾಯಸ ಬಂದಾಗ ಬೇಡವೆನ್ನಲಾಗದೆ ಒದ್ದಾಡಿದರು. ಬೇಡವಾದರೆ ಎಲೆಯ ಮೇಲೆ ಕೈ ಅಡ್ಡ ಹಿಡಿಯಿರಿ, ಮಜ್ಜಿಗೆ ಅನ್ನ ಕೊನೆಯದು, ಅಪ್ಪೆಹುಳಿಯನ್ನು ಕುಡಿಯಬಹುದು ಎಂದು ಪಕ್ಕದಲ್ಲಿ ಕುಳಿತ ಯಾರಾದರೂ ಹೇಳಿಕೊಟ್ಟರೆ ಬಹಳ ಉಪಕಾರ.

ನನಗೆ ನೋವಾದದ್ದು ಬೇರೆ ಒಂದು ಮನೆಯಲ್ಲಿ. ಮನೆಯವರ ಪಂಕ್ತಿ ಒಳಗೆ, ನಮ್ಮ ಎಲೆ ಜಗಲಿಯಲ್ಲಿ. ಊಟವಾದ ಮೇಲೆ ನಮ್ಮ ಎಲೆಗಳನ್ನು ನಾವೇ ಎತ್ತಬೇಕಾಯಿತು, ಒಳಗಿನವರ ಎಲೆಗಳನ್ನು ಮನೆಯವರು ತೆಗೆದರು. ಅಡುಗೆ ರುಚಿಯಾಗಿತ್ತು, ಆದರೆ ಮತ್ತೆ ಆ ಮನೆಗೆ ಹೋಗುವ ಮನಸ್ಸಾಗಲಿಲ್ಲ.

ಕೇಳಿದವರು: ಇದನ್ನು ಹೇಳಿದ್ದು ಒಳ್ಳೆಯದಾಯಿತು. ಅಮ್ಮ ಮತ್ತು ದೊಡ್ಡಪ್ಪನವರು ಒಳಗೆ ಬೇರೆಯಾಗಿ ಉಣ್ಣುವವರೇ, ಅದನ್ನು ಬದಲಿಸುವುದು ನನ್ನ ಕೈಯಲ್ಲಿಲ್ಲ. ನಾನು, ನನ್ನ ಹೆಂಡತಿ, ಮಕ್ಕಳು, ತಮ್ಮನ ಮನೆಯವರು ಅತಿಥಿಗಳ ಜೊತೆ ಒಂದೇ ಪಂಕ್ತಿಯಲ್ಲಿ ಕೂರುತ್ತೇವೆ, ಎಲ್ಲರ ಎಲೆಗಳನ್ನೂ ನಾನು ಮತ್ತು ತಮ್ಮ ತೆಗೆಯುತ್ತೇವೆ. ಪಕ್ಕದ ಮನೆಯವರನ್ನು ಇವತ್ತೇ ಕೇಳಿದೆ: ಅವರು ಶ್ವೇತಾಂಬರರು, ಅಂದು ಅವರಿಗೆ ಉಪವಾಸ. ಪರ್ವ ಮುಗಿದ ಮೇಲಿನ ಭಾನುವಾರ, ಕತ್ತಲಾಗುವ ಮೊದಲು, ಗಡ್ಡೆಯಿಲ್ಲದ ಅಡುಗೆಗೆ ಬರುತ್ತೇವೆಂದಿದ್ದಾರೆ.