ಹೊಸಬರ ಕವನ ವಾಚನಕ್ಕೆ ಹೆಸರೇ ಬರುತ್ತಿಲ್ಲ, ಪ್ರಕಟಣೆ ನೋಡಿಕೊಡಿ

ಪ್ರಶ್ನೆ (ಹಾಸನದಿಂದ)

ನಮಸ್ಕಾರ. ನಮ್ಮ ಬಡಾವಣೆಯ ಸಾರ್ವಜನಿಕ ಗ್ರಂಥಾಲಯದಲ್ಲಿ ಮೂರನೇ ಶನಿವಾರ ಸಂಜೆ ಕವನ ವಾಚನ ಇಟ್ಟುಕೊಂಡಿದ್ದೇವೆ. ಇದುವರೆಗೆ ಒಂದು ಸಲವೂ ವೇದಿಕೆ ಹತ್ತದವರು ಬರಲಿ ಅನ್ನೋದು ಆಸೆ. ಹತ್ತು ದಿನದ ಹಿಂದೆ ಹೀಗೆ ಹಾಕಿದ್ವಿ: "ಕವಿಗೋಷ್ಠಿ. ಉದಯೋನ್ಮುಖ ಕವಿಗಳಿಗೆ ಆದರದ ಸ್ವಾಗತ. ಸ್ವರಚಿತ ಕವನದೊಂದಿಗೆ ಹೆಸರು ನೋಂದಾಯಿಸಿ." ಬಂದದ್ದು ಎರಡೇ ಹೆಸರು, ಇಬ್ಬರೂ ಊರಿಗೆಲ್ಲ ಗೊತ್ತಿರುವ ಕವಿಗಳು. ಏನು ತಿದ್ದಬೇಕು?

ನಿವೃತ್ತ ಗ್ರಂಥಪಾಲಕರು, ಚಿಕ್ಕಮಗಳೂರು

ಮೇಡಂ, ಮೊದಲು 'ಕವಿಗೋಷ್ಠಿ' ಅನ್ನೋ ಪದ ತೆಗೆಯಿರಿ. ನಮ್ಮ ಕಡೆ ಆ ಪದ ಕೇಳಿದ ಕೂಡಲೇ ಅಧ್ಯಕ್ಷರು, ಆಶಯ ನುಡಿ, ಶಾಲು, ಆಹ್ವಾನ ಪತ್ರಿಕೆಯಲ್ಲಿ ಅಚ್ಚಾದ ಹೆಸರುಗಳು ಕಣ್ಮುಂದೆ ಬರುತ್ತವೆ. ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆದಿಟ್ಟುಕೊಂಡವರು ತಮ್ಮನ್ನು 'ಉದಯೋನ್ಮುಖ ಕವಿ' ಅಂದುಕೊಂಡಿರುವುದಿಲ್ಲ. ಅದು ಬೇರೆಯವರಿಗೆ ಕರೆದದ್ದು ಅಂತಲೇ ಓದಿಕೊಂಡು ಮುಂದೆ ಹೋಗುತ್ತಾರೆ.

ನಾನು ಕೌಂಟರಿನಲ್ಲಿದ್ದಾಗ ಒಬ್ಬ ಹುಡುಗ ಪುಸ್ತಕ ವಾಪಸ್ ಕೊಡಲು ಬಂದವನು ಮೂರು ಸಲ ನೋಟಿಸ್ ಬೋರ್ಡಿನ ಮುಂದೆ ನಿಂತು ಹೋದ. ನಾಲ್ಕನೇ ಸಲ ನಾನೇ ಕರೆದು ಕೇಳಿದೆ. ಅವನ ಪ್ರಶ್ನೆಗಳು ಇವು: "ಸರ್, ಕವನ ಮೊದಲೇ ತೋರಿಸಬೇಕಾ? ಯಾರಾದರೂ ತಪ್ಪು ಹೇಳ್ತಾರಾ? ನನ್ನ ಸರದಿ ಬರೋವರೆಗೂ ಕೂರಲೇಬೇಕಾ, ಊರಿನ ಬಸ್ಸು ಆರೂವರೆಗೆ." ಈ ಮೂರಕ್ಕೂ ನಮ್ಮ ಪ್ರಕಟಣೆಯಲ್ಲಿ ಉತ್ತರ ಇರಲಿಲ್ಲ. ಅವತ್ತಿನಿಂದ ನಾನು ಪ್ರಕಟಣೆ ಬರೆಯುವಾಗ, ಬಾಗಿಲಿಗೆ ಬಂದವರು ಓದಿ ಮುಗಿಸಿ ಹೊರಡುವವರೆಗೆ ಏನೇನು ಆಗುತ್ತದೆ ಅನ್ನೋದನ್ನೇ ಬರೆಯುತ್ತಿದ್ದೆ. ಸ್ವಾಗತದ ವಾಕ್ಯಕ್ಕಿಂತ ಅದು ಹೆಚ್ಚು ಜನರನ್ನು ಕರೆತಂದಿತು.

'ಸ್ವರಚಿತ' ಅನ್ನೋ ಷರತ್ತನ್ನೂ ಬಿಡಿ. ಮೊದಲ ಸಲ ನಿಲ್ಲುವವರಿಗೆ ತಮಗಿಷ್ಟದ ಬೇರೆಯವರ ಕವನ ಓದುವುದು ಸುಲಭ. ಕವಿಯ ಹೆಸರು ಹೇಳಿ ಓದಿ ಅಂದರೆ ಸಾಕು.

ಇನ್ನು ಎಷ್ಟು ಹೆಸರು ತೆಗೆದುಕೊಳ್ಳಬೇಕು ಅನ್ನೋ ಲೆಕ್ಕ. ನಿಮ್ಮ ಸಂಜೆ 4:30ರಿಂದ 6:00 ಅಂತ ಇಟ್ಟುಕೊಳ್ಳಿ, ತೊಂಬತ್ತು ನಿಮಿಷ. ಜನ ಕೂಡಿ ಶುರುವಾಗುವ ಹೊತ್ತಿಗೆ ಹತ್ತು ನಿಮಿಷ ಹೋಗುತ್ತದೆ, ಸ್ವಾಗತಕ್ಕೆ ಐದು. ಉಳಿದದ್ದು 75. ಒಂದು ಸಾಲನ್ನು ನಿಧಾನವಾಗಿ ಓದಲು ಸುಮಾರು ನಾಲ್ಕು ಸೆಕೆಂಡು, 24 ಸಾಲಿಗೆ ಒಂದೂವರೆ ನಿಮಿಷ ದಾಟುತ್ತದೆ, ನಡುವೆ ಉಸಿರು ಎಳೆದುಕೊಂಡರೆ ಎರಡು. ಎದ್ದು ಬರುವುದು, ಹೆಸರು ಹೇಳುವುದು, ಕನ್ನಡಕ ಹುಡುಕುವುದು, ಚಪ್ಪಾಳೆ ಸೇರಿ ಒಬ್ಬರಿಗೆ ಐದು ನಿಮಿಷ ಹಿಡಿಯಿರಿ. ಹದಿನೈದು ಜನ ಆಯಿತು. ಅದರಲ್ಲಿ ಹನ್ನೊಂದು ಹೆಸರು ಮೊದಲೇ ಬರೆದುಕೊಂಡು ನಾಲ್ಕು ಜಾಗ ಅವತ್ತಿಗೆ ಖಾಲಿ ಇಡಿ. ಕೇಳಲು ಬಂದವರಲ್ಲಿ ಯಾರಿಗಾದರೂ ನಾಲ್ಕು ಜನರದ್ದು ಕೇಳಿದ ಮೇಲೆ ಧೈರ್ಯ ಬರುತ್ತದೆ, ಆ ಜಾಗ ಅವರದು. ಹೆಸರು ಕೊಟ್ಟವರಲ್ಲಿ ಇಬ್ಬರು ಮೂವರು ಬರದೇ ಇರುವುದೂ ಉಂಟು.

ಮಿತಿಯನ್ನು 'ಮೂರು ನಿಮಿಷ' ಅಂತ ಹಾಕಬೇಡಿ, ಮನೆಯಲ್ಲಿ ಯಾರೂ ಗಡಿಯಾರ ಇಟ್ಟು ಓದಿ ನೋಡುವುದಿಲ್ಲ. 'ಒಂದು ಪುಟ, 24 ಸಾಲಿನೊಳಗೆ' ಅಂದರೆ ಕಣ್ಣಿಗೇ ಗೊತ್ತಾಗುತ್ತದೆ.

ನಾನಾದರೆ ಹೀಗೆ ಬರೆಯುತ್ತೇನೆ:

*ಕವನ ಓದುವ ಸಂಜೆ, ಮೊದಲ ಸಲ ಓದುವವರಿಗೆ. ಮೂರನೇ ಶನಿವಾರ ಸಂಜೆ 4:30ರಿಂದ 6:00, ಗ್ರಂಥಾಲಯದ ಮಕ್ಕಳ ವಿಭಾಗದಲ್ಲಿ. ನಿಮ್ಮದೇ ಕವನ ಆಗಬಹುದು, ನಿಮಗಿಷ್ಟವಾದ ಬೇರೆಯವರದ್ದೂ ಆಗಬಹುದು. ಒಂದು ಪುಟ, 24 ಸಾಲಿನೊಳಗೆ ಇರಲಿ. ಮೊದಲೇ ತೋರಿಸಬೇಕಿಲ್ಲ. ಬಹುಮಾನ ಇಲ್ಲ, ವಿಮರ್ಶೆ ಇಲ್ಲ. ಕೂತೇ ಓದಬಹುದು. ಬೇಗ ಹೊರಡಬೇಕಾದವರು ಹೆಸರಿನ ಪಕ್ಕ 'ಬೇಗ' ಅಂತ ಬರೆಯಿರಿ, ಮೊದಲು ಕರೆಯುತ್ತೇವೆ. ಹೆಸರು ಬರೆಯಲು ಕೌಂಟರಿನಲ್ಲಿ ನೋಟ್‌ಬುಕ್ ಇದೆ, ಗುರುವಾರ ಸಂಜೆವರೆಗೆ. ಹನ್ನೊಂದು ಹೆಸರು ಮಾತ್ರ. ಅವತ್ತೇ ಬಂದು ಓದುವವರಿಗೆ ಇನ್ನೂ ನಾಲ್ಕು ಜಾಗ ಇವೆ. ಸುಮ್ಮನೆ ಕೇಳಲು ಬರುವವರು ಹೆಸರು ಕೊಡಬೇಕಿಲ್ಲ. ಪ್ರವೇಶ ಉಚಿತ.*

ನೋಟ್‌ಬುಕ್ಕಿನಲ್ಲಿ ಮೂರೇ ಕಾಲಂ: ಹೆಸರು, ಫೋನ್, 'ಬೇಗ'. ವಯಸ್ಸು, ಉದ್ಯೋಗ, ಪ್ರಕಟಿತ ಕೃತಿಗಳು ಅಂತ ಕಾಲಂ ಇಟ್ಟರೆ ಖಾಲಿ ಬಿಡಬೇಕಲ್ಲ ಅಂತಲೇ ಕೆಲವರು ಪೆನ್ನು ಕೆಳಗಿಡುತ್ತಾರೆ. ಫೋನ್ ನಂಬರು ಎಲ್ಲರ ಕಣ್ಣಿಗೆ ಬೀಳದ ಹಾಗೆ ಆ ಕಾಲಂ ಅನ್ನು ಸಿಬ್ಬಂದಿಯೇ ಬೇರೆ ಹಾಳೆಯಲ್ಲಿ ಬರೆದುಕೊಂಡರೆ ಹೆಣ್ಣುಮಕ್ಕಳಿಗೆ ಅನುಕೂಲ. ಶುಕ್ರವಾರ ಎಲ್ಲರಿಗೂ ಒಂದು ಫೋನ್ ಮಾಡಿ.

ಹೆಸರು ಕೊಟ್ಟ ಆ ಇಬ್ಬರು ಕವಿಗಳನ್ನು ದಯವಿಟ್ಟು ಕೊನೆಯಲ್ಲಿ ಓದಿಸಿ. ಅವರು ಮೊದಲು ಓದಿದರೆ ಆಮೇಲಿನವರ ಗಂಟಲು ಒಣಗುತ್ತದೆ.

ಹೈಸ್ಕೂಲ್ ಕನ್ನಡ ಶಿಕ್ಷಕ, ಆಲೂರು

ನೋಟ್‌ಬುಕ್ ಯಾಕೆ ಸರ್, ಗೂಗಲ್ ಫಾರ್ಮ್ ಲಿಂಕ್ ವಾಟ್ಸಾಪಿನಲ್ಲಿ ಬಿಟ್ಟರೆ ಒಂದೇ ದಿನದಲ್ಲಿ ಭರ್ತಿ. ಇನ್ನೊಂದು ಸಲಹೆ, ಇದನ್ನು ನವೆಂಬರ್ 14ರಿಂದ 20ರ ಗ್ರಂಥಾಲಯ ಸಪ್ತಾಹಕ್ಕೆ ಇಟ್ಟುಕೊಂಡರೆ ಜನ ತಾನಾಗಿ ಸೇರುತ್ತಾರೆ.

ನಿವೃತ್ತ ಗ್ರಂಥಪಾಲಕರು

ಮೇಷ್ಟ್ರೇ, ಫಾರ್ಮ್ ಇರಲಿ, ಕಾಲೇಜು ಮಕ್ಕಳಿಗೆ ಅದೇ ಸುಲಭ. ಆದರೆ ಎರಡನ್ನೂ ಇಟ್ಟರೆ ಹನ್ನೊಂದನೇ ಜಾಗ ಇಬ್ಬರಿಗೆ ಹೋಗುತ್ತದೆ. ಹಾಗಾಗಿ ದಿನಾ ಸಂಜೆ ಒಬ್ಬರು ಫಾರ್ಮಿನ ಹೆಸರುಗಳನ್ನು ನೋಟ್‌ಬುಕ್ಕಿಗೆ ಏರಿಸಲಿ, ಭರ್ತಿಯಾದ ಕೂಡಲೇ ಫಾರ್ಮ್ ಮುಚ್ಚಲಿ. ಇನ್ನು, ಲಿಂಕ್ ಒತ್ತುವವರು ಜಾಸ್ತಿ, ಬರುವವರು ಕಡಿಮೆ. ಕೌಂಟರಿಗೆ ನಡೆದು ಬಂದು ಬರೆದವರು ಸಾಮಾನ್ಯವಾಗಿ ತಪ್ಪಿಸುವುದಿಲ್ಲ.

ಸಪ್ತಾಹದಲ್ಲಿ ಜನ ಸೇರುತ್ತಾರೆ, ಆದರೆ ಭಾಷಣಗಳೂ ಸೇರುತ್ತವೆ. ನಾನೊಮ್ಮೆ ಹಾಗೆ ಮಾಡಿ, ಹೆಸರು ಕೊಟ್ಟ ಒಂಬತ್ತು ಹೊಸಬರಲ್ಲಿ ಮೂವರಿಗೆ ಮಾತ್ರ ಸಮಯ ಸಿಕ್ಕಿತು. ಉಳಿದ ಆರು ಜನ ಕೈಯಲ್ಲಿ ಹಾಳೆ ಹಿಡಿದುಕೊಂಡೇ ಮನೆಗೆ ಹೋದರು. ಅದನ್ನು ನಾನಿನ್ನೂ ಮರೆತಿಲ್ಲ.

ಗೃಹಿಣಿ, ಬೇಲೂರು

ಸ್ಪರ್ಧೆಗೆ ವಯಸ್ಸಿನ ಮಿತಿ ಇದೆಯಾ? ನಮ್ಮತ್ತೆಗೆ ಓದು ಬರೋದಿಲ್ಲ, ಆದರೆ ಸೋಬಾನೆ ಪದ ಶುರು ಮಾಡಿದರೆ ಹೊತ್ತು ಹೋದದ್ದೇ ಗೊತ್ತಾಗಲ್ಲ. ಕರ್ಕೊಂಡು ಬರಬಹುದಾ?

ನಿವೃತ್ತ ಗ್ರಂಥಪಾಲಕರು

ತಾಯಿ, ಇದು ಸ್ಪರ್ಧೆ ಅಲ್ಲ, ವಯಸ್ಸಿನ ಮಿತಿಯೂ ಇಲ್ಲ. ಬಾಯಿಪಾಠದ್ದು ಹೇಳಬಹುದಾ ಅನ್ನೋದನ್ನು ಮೇಡಂ ತೀರ್ಮಾನಿಸಬೇಕು. ನನ್ನ ಮನಸ್ಸು ಆಗಲಿ ಅನ್ನುತ್ತದೆ. ಪದ ಉದ್ದ ಇರುವುದರಿಂದ ಎಲ್ಲಿ ನಿಲ್ಲಿಸಬೇಕು ಅಂತ ಮನೆಯಲ್ಲೇ ಅವರ ಜೊತೆ ಮಾತಾಡಿಕೊಳ್ಳಿ. ನಡುವೆ ನಿಲ್ಲಿಸಿದರೆ ಹಿರಿಯರಿಗೆ ನೋವಾಗುತ್ತದೆ.

ಪರೀಕ್ಷೆಗೆ ಓದುತ್ತಿರುವವನು, ಹಾಸನ

ಅದೇ ಗ್ರಂಥಾಲಯದಲ್ಲಿ ನಾವು ಇಪ್ಪತ್ತು ಜನ ಪಿಡಿಒ, ಎಫ್‌ಡಿಎ ಪರೀಕ್ಷೆಗೆ ಓದುತ್ತೇವೆ. ಶನಿವಾರ ಸಂಜೆ ಮೈಕು ಹಾಕಿದರೆ ನಾವು ಎಲ್ಲಿಗೆ ಹೋಗೋಣ?

ನಿವೃತ್ತ ಗ್ರಂಥಪಾಲಕರು

ನಿಮ್ಮ ಮಾತು ನ್ಯಾಯ. ಮಕ್ಕಳ ವಿಭಾಗ ಅಂತ ಬರೆದದ್ದು ಅದಕ್ಕೇ, ಮೂವತ್ತು ಜನರಿಗೆ ಮೈಕು ಬೇಕಿಲ್ಲ. ಮೇಡಂ, ಒಂದು ದಿನ ಮೊದಲೇ ಒಬ್ಬರು ಅಲ್ಲಿ ಓದಲಿ, ನೀವು ವಾಚನಾಲಯದಲ್ಲಿ ಬಾಗಿಲು ಹಾಕಿಕೊಂಡು ಕೂತು ಕೇಳಿ ನೋಡಿ. ಮಾತು ಸ್ಪಷ್ಟವಾಗಿ ಕೇಳಿಸಿದರೆ ಜಾಗ ಬದಲಿಸಬೇಕು. ಓದುವವರಿಗೆ ವಾರ ಮೊದಲೇ ಬೋರ್ಡಿನಲ್ಲಿ ತಿಳಿಸಿ.

ಪ್ರಶ್ನೆ ಕೇಳಿದವರು

ಸರ್, ಇವತ್ತು ಹೋಗಿ ನೋಡಿದೆ. ಎರಡರ ನಡುವೆ ಬಾಗಿಲೇ ಇಲ್ಲ, ಬರೀ ಕಪಾಟಿನ ಅಡ್ಡ. ಹಿಂದೆ ಒಂದು ಜಗಲಿ ಇದೆ, ಮಳೆ ಬಂದರೆ ಎರಚಲು ಹೊಡೆಯುತ್ತದೆ. ಗ್ರಂಥಾಲಯದವರ ಹತ್ತಿರ ನಾಳೆ ಮಾತಾಡಿ ಜಾಗ ಗಟ್ಟಿಯಾದ ಮೇಲೆ ಹೊಸ ಪ್ರಕಟಣೆ ಹಾಕುತ್ತೇನೆ. ಬೇಲೂರಿನ ಅಮ್ಮನವರ ಹೆಸರನ್ನು ಮಾತ್ರ ಈಗಲೇ ಬರೆದುಕೊಂಡಿದ್ದೇನೆ, ಪಕ್ಕದಲ್ಲಿ 'ಬೇಗ' ಅಂತ.