'ಏರುವ ಬೆಣೆ' ಏರುತ್ತದೆಯೇ? – ಒಂದು ಪದಚರ್ಚೆ

ಪ್ರಶ್ನೆ, ಬೆಂಗಳೂರಿನಿಂದ

ಎಲ್ಲರಿಗೂ ನಮಸ್ಕಾರ.

ಷೇರುಪೇಟೆಗೆ ಹೊಸದಾಗಿ ಬಂದವರಿಗೆಂದು ಬರೆದ ಒಂದು ಕನ್ನಡ ಕೈಪಿಡಿಯನ್ನು ತಿದ್ದುತ್ತಿದ್ದೇನೆ. ಅದರಲ್ಲಿ ಚಾರ್ಟಿನ ಆಕೃತಿಗಳ ಮೇಲೆ ಒಂದು ಅಧ್ಯಾಯವಿದೆ. ರೈಸಿಂಗ್ ವೆಡ್ಜ್, ಫಾಲಿಂಗ್ ವೆಡ್ಜ್ ಎಂಬ ಎರಡಕ್ಕೆ ಬರೆದವರು 'ಏರುವ ಬೆಣೆ', 'ಇಳಿಯುವ ಬೆಣೆ' ಎಂದಿದ್ದಾರೆ. ಬೆಣೆಯ ಬಗ್ಗೆ ನನಗೆ ತಕರಾರಿಲ್ಲ. ಬೆಣೆಲಿಪಿ ಅಂತ ಶಾಲೆಯಲ್ಲೇ ಓದಿದ್ದೇವೆ. ತೊಡಕು 'ಏರುವ' ಎಂಬುದರಲ್ಲಿದೆ.

ಕರಡನ್ನು ನನ್ನ ತಂಗಿಯ ಮಗನಿಗೆ ಕೊಟ್ಟೆ. ಎರಡು ಪುಟ ಓದಿ, "ದೊಡ್ಡಮ್ಮಾ, ಏರುವ ಬೆಣೆ ಕಂಡರೆ ಷೇರು ಕೊಳ್ಳಬೇಕು, ಅಲ್ವಾ?" ಎಂದ. ಆ ಪುಟದಲ್ಲಿ ಇರುವುದು ಅದರ ಉಲ್ಟಾ. ಏರುವ ಬೆಣೆ ಸಾಮಾನ್ಯವಾಗಿ ಕೆಳಕ್ಕೆ ಮುರಿಯುತ್ತದಂತೆ, ಅಂದರೆ ಬೆಲೆ ಬೆಣೆಯ ಕೆಳಗಿನ ಗೆರೆ ದಾಟಿ ಆಚೆ ಬರುತ್ತದಂತೆ. ಇಳಿಯುವ ಬೆಣೆ ಮೇಲಕ್ಕೆ.

ಹುಡುಗನ ತಪ್ಪೇನಿಲ್ಲ ಅನಿಸಿತು. ನಮ್ಮ 'ಏರುವ' ಈಗಿನದಕ್ಕೂ ಆಗುತ್ತದೆ, ಮುಂದಿನದಕ್ಕೂ ಆಗುತ್ತದೆ. 'ನಾಳೆ ಬರುವ ನೆಂಟರು' ಎಂದರೆ ಅವರಿನ್ನೂ ಬಂದಿಲ್ಲ. ಹಾಗೆಯೇ 'ಏರುವ ಬೆಣೆ' ಎಂದರೆ ಇನ್ನು ಮೇಲೆ ಏರಲಿರುವುದು ಎಂದು ಕೇಳಿಸುತ್ತದೆ. 'ಏರುತ್ತಿರುವ ಬೆಣೆ' ಉದ್ದವಾಯಿತು. 'ಏರುಮುಖ ಬೆಣೆ' ಎಂದರೆ ಇನ್ನೂ ಕೆಟ್ಟದು, ಅದು ಮೇಲಕ್ಕೇ ಮುಖ ಮಾಡಿ ನಿಂತಿದೆ. ಏನೆನ್ನಬೇಕು? ಜೊತೆಗೆ, ಇದು ಯಾಕೆ ಹೀಗೆ ಉಲ್ಟಾ ಮುರಿಯುತ್ತದೆ ಎಂದು ಯಾರಾದರೂ ಬಿಡಿಸಿ ಹೇಳಿದರೆ ಪದ ಹುಡುಕುವುದು ನನಗೆ ಸುಲಭ.

ಶಿರಸಿಯಿಂದ

ಬೆಣೆ ಅಂದರೆ ನಮ್ಮಲ್ಲಿ ಕೊಡಲಿ ಕಾವು ಸಡಿಲವಾದಾಗ ಹೊಡೆಯುವುದು. ದಿಮ್ಮಿ ಸೀಳಲಿಕ್ಕೂ ಅದೇ. ಹೊಡೆದಾಗ ಬೆಣೆ ಯಾವತ್ತೂ ಮೊನೆ ಇರುವ ಕಡೆಗೇ ನುಗ್ಗುತ್ತದೆ, ಹಿಂದಕ್ಕೆ ಹೋಗುವುದಿಲ್ಲ. ಮೊನೆ ಮೇಲಕ್ಕಿದ್ದರೆ ಮೇಲಕ್ಕೇ ಹೋಗಬೇಕು. ಹಾಗಾಗಿ ಆ ಹುಡುಗ ಓದಿದ್ದೇ ಸರಿ, ಪುಸ್ತಕ ತಪ್ಪು. ಎತ್ತಿನಗಾಡಿಯ ಕಡಾಣಿ ಬೇರೆ, ಬೆಣೆ ಬೇರೆ ಎನ್ನುವುದನ್ನೂ ಒಂದು ಮಾತು ಹೇಳಿಬಿಡುತ್ತೇನೆ. ಈಗಿನವರು ಎರಡನ್ನೂ ಒಂದೇ ಮಾಡಿಬಿಟ್ಟಿದ್ದಾರೆ.

ಹುಬ್ಬಳ್ಳಿಯಿಂದ

ರಾಯರೇ, ಇದು ಕೊಡಲಿ ಬೆಣೆ ಅಲ್ಲ, ಚಾರ್ಟಿನ ಮೇಲೆ ಬೆಲೆಯ ಶಿಖರಗಳನ್ನು ಸೇರಿಸಿ ಒಂದು, ತಗ್ಗುಗಳನ್ನು ಸೇರಿಸಿ ಒಂದು, ಹೀಗೆ ಎಳೆದ ಎರಡು ಗೆರೆ. ಎರಡೂ ಮೇಲಕ್ಕೆ ಹೋಗುತ್ತ ಮುಂದೆ ಒಂದಕ್ಕೊಂದು ಹತ್ತಿರ ಬರುತ್ತವೆ, ಅಷ್ಟೇ. ನಾನು ಆರು ವರ್ಷದಿಂದ ಟ್ರೇಡಿಂಗ್ ಮಾಡುತ್ತಿದ್ದೇನೆ. ನಿಯಮ ಸರಳ. ರೈಸಿಂಗ್ ವೆಡ್ಜ್ ಬಂತು ಅಂದರೆ ಟ್ರೆಂಡ್ ತಿರುಗುತ್ತದೆ, ಗೂಳಿ ಹೋಗಿ ಕರಡಿ ಬರುತ್ತದೆ. ಫಾಲಿಂಗ್ ಆದರೆ ಅದರ ಉಲ್ಟಾ. ಹಾಗಾಗಿ 'ಏರು', 'ಇಳಿ' ಎರಡನ್ನೂ ಬಿಟ್ಟು 'ಮಗುಚುಬೆಣೆ' ಅನ್ನಿ. ಓದುವವನಿಗೆ ಫಲವೇ ಗೊತ್ತಾಗುತ್ತದೆ, ಆಕಾರ ತಗೊಂಡು ಏನು ಮಾಡ್ತಾನೆ?

ಮಂಗಳೂರಿನಿಂದ

'ಮಗುಚು' ಬೇಡ. ಹುಬ್ಬಳ್ಳಿಯವರು ಹೇಳಿದ್ದು ಅರ್ಧ ಸರಿ. ಪೇಟೆ ತಿಂಗಳುಗಟ್ಟಲೆ ಇಳಿದು, ನಡುವೆ ಉಸಿರು ತೆಗೆದುಕೊಳ್ಳಲು ನಿಧಾನವಾಗಿ ಮೇಲೆ ಹತ್ತಿದಾಗಲೂ ಇದೇ ಆಕೃತಿ ಮೂಡುತ್ತದೆ. ಅದೂ ಕೆಳಕ್ಕೆ ಮುರಿಯುವುದೇ ಜಾಸ್ತಿ. ಆದರೆ ಅಲ್ಲಿ ಟ್ರೆಂಡ್ ತಿರುಗಿಲ್ಲ, ಹಳೆಯ ಇಳಿತವೇ ಮುಂದುವರಿದಿದೆ. ಬೆಣೆ ಮುರಿಯುವುದು ತನ್ನ ವಾಲಿಗೆ ಎದುರಾಗಿ. ಪೇಟೆಯ ದೊಡ್ಡ ಓಟಕ್ಕೆ ಎದುರಾಗಿಯೇ ಆಗಬೇಕೆಂದಿಲ್ಲ. ವಾಲು ಬೇರೆ, ಓಟ ಬೇರೆ. ಪದ ಯಾವುದೇ ಬರಲಿ, ಇವೆರಡನ್ನು ಕಲಸಬಾರದು.

ಯಾಕೆ ಎಂದು ಕೇಳಿದ್ದೀರಿ ಮೇಡಂ. ಒಂದು ಹಾಳೆಯ ಮೇಲೆ ಗೆರೆ ಎಳೆದುಕೊಳ್ಳಿ. ಲೆಕ್ಕಕ್ಕಾಗಿ ನಾನೇ ಹಾಕಿಕೊಂಡ ಅಂಕಿಗಳು ಇವು. ಮೇಲಿನ ಗೆರೆ 110 ರೂಪಾಯಿಯಲ್ಲಿ ಶುರುವಾಗಿ ವಾರಕ್ಕೆ 1 ರೂಪಾಯಿ ಏರುತ್ತದೆ. ಕೆಳಗಿನ ಗೆರೆ 95ರಲ್ಲಿ ಶುರುವಾಗಿ ವಾರಕ್ಕೆ 2 ರೂಪಾಯಿ ಏರುತ್ತದೆ. ಕೆಳಗಿನದು ಹೆಚ್ಚು ಕಡಿದಾಗಿರುವುದೇ ಈ ಆಕೃತಿಯ ಗುಟ್ಟು. ಹದಿನೈದನೇ ವಾರಕ್ಕೆ ಎರಡೂ ಕೂಡುತ್ತವೆ.

ಬೆಲೆ ಇವುಗಳ ನಡುವೆ ಓಡಾಡುತ್ತದೆ. 5ನೇ ವಾರ 115ರಲ್ಲಿ ಒಂದು ಶಿಖರ, 9ನೇ ವಾರ 119ರಲ್ಲಿ ಇನ್ನೊಂದು. ತಗ್ಗುಗಳು 3ನೇ ವಾರ 101, 7ನೇ ವಾರ 109. ಈಗ ನೋಡಿ, ತಗ್ಗು 8 ರೂಪಾಯಿ ಮೇಲೆ ಬಂತು, ಶಿಖರ ಮೇಲೆ ಹೋದದ್ದು ನಾಲ್ಕೇ ರೂಪಾಯಿ. ಮೊದಲ ನೆಗೆತ 101ರಿಂದ 115, ಅಂದರೆ 14 ರೂಪಾಯಿ. ಆಮೇಲಿನದು 109ರಿಂದ 119, ಹತ್ತೇ ರೂಪಾಯಿ. ಬೆಲೆ ಬಿದ್ದಾಗ ಕೊಳ್ಳುವವರು ಬೇಗ ಬೇಗ ಬಂದು ಎತ್ತುತ್ತಿದ್ದಾರೆ. ಆದರೆ ಎತ್ತಿದ ಮೇಲೆ ಮೊದಲಿನಷ್ಟು ದೂರ ಒಯ್ಯಲು ಆಗುತ್ತಿಲ್ಲ. ಚಾರ್ಟಿನ ಅಡಿಯಲ್ಲಿ ವಾಲ್ಯೂಮ್, ಅಂದರೆ ಕೈಬದಲಾದ ಷೇರುಗಳ ಸಂಖ್ಯೆ, ಕೂಡ ಸೊರಗುತ್ತ ಬಂದಿದ್ದರೆ ಅನುಮಾನ ಗಟ್ಟಿ.

ಈಗ ಹತ್ತನೇ ವಾರಕ್ಕೆ ಬನ್ನಿ. ಮೇಲಿನ ಗೆರೆ 120, ಕೆಳಗಿನದು 115. ಬೆಲೆ 118ರಲ್ಲಿದೆ ಎಂದುಕೊಳ್ಳಿ. ಯಾರೂ ಮಾರಲಿಲ್ಲ, ಯಾರೂ ಕೊಳ್ಳಲಿಲ್ಲ, ಬೆಲೆ ಅಲ್ಲೇ ಕೂತಿತು. ಒಂದೂವರೆ ವಾರದಲ್ಲಿ ಕೆಳಗಿನ ಗೆರೆಯೇ ಮೇಲೆ ಬಂದು ಬೆಲೆಗೆ ತಾಗುತ್ತದೆ. ಸರಿ, ಬೆಲೆ ಕೂರಲಿಲ್ಲ, ವಾರಕ್ಕೆ 1 ರೂಪಾಯಿಯಂತೆ ಏರುತ್ತಲೇ ಹೋಯಿತು ಎನ್ನಿ. ಆಗಲೂ 13ನೇ ವಾರ 121ರಲ್ಲಿ ಕೆಳಗಿನ ಗೆರೆ ಅದನ್ನು ಹಿಡಿಯುತ್ತದೆ. ಬೆಲೆ ಏರಿದೆ, ಆದರೂ ಬೆಣೆ ಕೆಳಕ್ಕೆ ಮುರಿದಿದೆ! ಒಳಗೇ ಉಳಿಯಬೇಕಾದರೆ ಕೊಳ್ಳುವವರು ದಣಿದ ಹೊತ್ತಿಗೇ ಬೆಲೆ ಇನ್ನೂ ಜೋರಾಗಿ ಏರಬೇಕು. ಅಂದರೆ 'ವಾಲಿಗೆ ಎದುರಾಗಿ ಮುರಿಯುತ್ತದೆ' ಎನ್ನುವುದರಲ್ಲಿ ಒಂದು ಪಾಲು ಬರೀ ರೇಖಾಗಣಿತ. ಇಳಿಯುವ ಬೆಣೆಯಲ್ಲಿ ಮೇಲಿನ ಗೆರೆ ಹೆಚ್ಚು ಕಡಿದಾಗಿ ಇಳಿಯುತ್ತದೆ. ಅಲ್ಲಿ ಸುಮ್ನೆ ನಿಂತ ಬೆಲೆ ಮೇಲಿನಿಂದ ಹೊರಬೀಳುತ್ತದೆ.

ಹಾಗಾದರೆ ನಿಜವಾದ ಕುಸಿತ ಎಲ್ಲಿಂದ ಬರುತ್ತದೆ? ತಗ್ಗಿನಲ್ಲಿ ಕೊಂಡವರೆಲ್ಲ ಅದರ ಸ್ವಲ್ಪ ಕೆಳಗೆ ಸ್ಟಾಪ್‌ಲಾಸ್ ಇಟ್ಟಿರುತ್ತಾರೆ, ಅಂದರೆ ಬೆಲೆ ಅಷ್ಟಕ್ಕೆ ಇಳಿದರೆ ತಾನಾಗಿ ಮಾರಿಬಿಡುವ ಆರ್ಡರ್. ತಗ್ಗುಗಳು ಮೇಲೆ ಬಂದಂತೆ ಈ ಆರ್ಡರ್‌ಗಳೂ ಬೆಲೆಯ ಕಾಲಬುಡಕ್ಕೆ ಬಂದು ಗುಂಪಾಗುತ್ತವೆ. ಬೆಲೆ ಕೊನೆಯ ತಗ್ಗಿಗಿಂತ ಕೆಳಗಿಳಿದರೆ ಅವೆಲ್ಲ ಒಟ್ಟಿಗೆ ಮಾರಾಟವಾಗಿ ಬೀಳುತ್ತವೆ. ಹಾಗಾಗಿ ಗೆರೆ ದಾಟುವುದು ಒಂದು, ಕೊನೆಯ ತಗ್ಗು ಮುರಿಯುವುದು ಇನ್ನೊಂದು. ನಾನು ಎರಡನೆಯದಕ್ಕೆ ಕಾಯುತ್ತೇನೆ. ಅದೂ ದಿನದ ಕೊನೆಯ ಬೆಲೆಯಲ್ಲಿ, ಮಧ್ಯಾಹ್ನದ ಗಾಬರಿಯಲ್ಲಲ್ಲ.

ದಾವಣಗೆರೆಯಿಂದ

ಸರ್, ನನ್ನದೂ ಒಂದು ಕೇಳಿ. ಎರಡು ವರ್ಷದ ಹಿಂದೆ ಒಂದು ಚಿಕ್ಕ ಕಂಪನಿಯ ಷೇರಿನಲ್ಲಿ ಇಳಿಯುವ ಬೆಣೆ ಕಂಡೆ. ಮೇಲಕ್ಕೆ ಮುರಿಯುತ್ತದೆ ಅಂತ ಓದಿದ್ದೆನಲ್ಲ, ಮುರಿಯುವ ಮೊದಲೇ ಕೊಂಡೆ. ಬೆಲೆ ಇನ್ನೂ ಇಳಿಯಿತು. ಕೆಳಗಿನ ಗೆರೆಯನ್ನು ಸ್ವಲ್ಪ ಕೆಳಗೆ ಎಳೆದೆ. ಮತ್ತೆ ಬೆಣೆ ಆಯಿತು! ಹೀಗೆ ಮೂರು ಸಲ. ಪ್ರತಿ ಸಲವೂ 'ಇನ್ನೇನು ಮೇಲೆ ಬರುತ್ತದೆ' ಅಂದುಕೊಂಡೆ. ಹಾಕಿದ್ದರಲ್ಲಿ ಅರ್ಧ ಹೋಯಿತು. ನಮ್ಮ ಯಜಮಾನರು ಈಗಲೂ ತೆಂಗಿನಕಾಯಿ ಒಡೆಯುವಾಗ "ಬೆಣೆ ಮುರೀತಾ?" ಅಂತ ಕೇಳುತ್ತಾರೆ. ಯಾವ ಪದವನ್ನಾದರೂ ಇಡಿ, 'ಮುರಿಯುವ ತನಕ ಅದು ಬರೀ ಗೆರೆ' ಅಂತ ಪಕ್ಕದಲ್ಲಿ ಬರೆಯಿರಿ.

ಮಂಗಳೂರಿನಿಂದ, ಮತ್ತೆ

ಅಕ್ಕಾ, ಮೊದಲ ಸಲ ಗೆರೆ ಎಳೆದಾಗ ಬೆಲೆ ಒಂದೊಂದು ಗೆರೆಗೆ ಎಷ್ಟು ಸಲ ತಾಗಿತ್ತು? ಎರಡು ಚುಕ್ಕಿ ಇದ್ದರೆ ಯಾವ ಗೆರೆಯನ್ನೂ ಎಳೆಯಬಹುದು. ಎರಡೂ ಸೇರಿ ಐದು ಸಲವಾದರೂ ತಾಗಿರದಿದ್ದರೆ ನಾನು ಅದನ್ನು ಬೆಣೆ ಎನ್ನುವುದಿಲ್ಲ. ಇನ್ನೊಂದು ಮಾತು. ಬೆಲೆ ಸಾಮಾನ್ಯವಾಗಿ ಬೆಣೆಯ ಮೂರರಲ್ಲಿ ಎರಡು ಪಾಲು ನಡೆದ ಮೇಲೆ ಹೊರಬರುತ್ತದೆ. ನನ್ನ ಲೆಕ್ಕದಲ್ಲಿ ಅದು ಹತ್ತನೇ ವಾರ. ತೀರಾ ತುದಿಯ ತನಕ ತೆವಳಿ ಹೋಗಿ ಆಚೆ ಬಂದರೆ ಅದಕ್ಕೆ ಮಹತ್ವ ಕೊಡಬೇಡಿ, ಅಲ್ಲಿ ಎರಡು ಗೆರೆಯ ನಡುವೆ ಜಾಗವೇ ಇರುವುದಿಲ್ಲ.

ಎರಡೂ ಬೆಣೆ ಕನ್ನಡಿಯ ಬಿಂಬದಂತೆ ಎಂದೂ ತಿಳಿಯಬೇಡಿ. ಏರುವುದು ಮುರಿದರೆ ಬೆಲೆ ಬೇಗ ಬೀಳುತ್ತದೆ. ಇಳಿಯುವುದು ಮೇಲಕ್ಕೆ ಮುರಿದರೆ ಬೆಲೆ ಎಷ್ಟೋ ಸಲ ಅಲ್ಲೇ ಅಡ್ಡಡ್ಡ ಅಲೆದಾಡಿ ಆಮೇಲೆ ಏರುತ್ತದೆ. ಅಲ್ಲಿ ವಾಲ್ಯೂಮ್ ಹೆಚ್ಚದಿದ್ದರೆ ನಾನು ಮುಟ್ಟುವುದಿಲ್ಲ.

ಹುಬ್ಬಳ್ಳಿಯಿಂದ

ರೇಖಾಗಣಿತದ ಮಾತು ಒಪ್ಪಿದೆ. ಆದರೆ ಅದು ನಿಜವಾದರೆ ಬೆಣೆ ನೋಡಿ ವ್ಯಾಪಾರ ಮಾಡುವುದರಲ್ಲಿ ಏನಿದೆ? ಗೆರೆಯೇ ಬಂದು ಬೆಲೆಗೆ ತಾಗಿದರೆ ಅದರಲ್ಲಿ ಪೇಟೆಯ ಸುದ್ದಿ ಏನು ಬಂತು? ಎಷ್ಟು ಪಾಲು ಗಣಿತ, ಎಷ್ಟು ಪಾಲು ದಣಿವು ಅಂತ ನೀವೂ ಹೇಳಲಿಲ್ಲ.

ಮೈಸೂರಿನಿಂದ

ವ್ಯಾಪಾರ ನನಗೆ ತಿಳಿಯದು, ಪದದ ಬಗ್ಗೆ ಮಾತ್ರ ಹೇಳುತ್ತೇನೆ. 'ಏರು' ಎಂಬುದನ್ನು ಕ್ರಿಯೆಯಾಗಿ ಬಿಟ್ಟು ಹೆಸರಾಗಿ ನೋಡಿ. ದಾರಿಯಲ್ಲಿ ಒಂದು ಏರು, ಆಮೇಲೆ ಒಂದು ಇಳಿಜಾರು. ಏರು ಎಲ್ಲಿಗೂ ಹೋಗುವುದಿಲ್ಲ, ಅಲ್ಲೇ ಬಿದ್ದಿರುತ್ತದೆ. ಅದು ನೆಲದ ಆಕಾರ. ಏರಿನಲ್ಲಿ ನಿಂತ ಗಾಡಿ ಕೈಬಿಟ್ಟರೆ ಹಿಂದಕ್ಕೆ ಉರುಳುತ್ತದೆ ಎಂದು ಮಕ್ಕಳಿಗೂ ಗೊತ್ತು. ಹಾಗಾಗಿ 'ಏರುಬೆಣೆ' ಒಪ್ಪುತ್ತದೆ. ಇನ್ನೊಂದಕ್ಕೆ 'ಇಳಿಬೆಣೆ'. ಇಳಿಹೊತ್ತು, ಇಳಿವಯಸ್ಸು ಇದ್ದ ಹಾಗೆ. 'ಇಳಿ'ಗೆ ಮುಗಿಯುತ್ತ ಬಂದದ್ದು ಎಂಬ ಛಾಯೆ ಇದೆ ಎಂದು ಯಾರಾದರೂ ಆಕ್ಷೇಪಿಸಬಹುದು. ಇಲ್ಲಿ ಮುಗಿಯುತ್ತ ಬಂದಿರುವುದು ಇಳಿತವೇ ಆದ್ದರಿಂದ ನನಗೆ ಅದು ಲಾಭವಾಗಿಯೇ ಕಾಣುತ್ತದೆ.

ಬೆಂಗಳೂರಿನಿಂದ

'ಏರುಬೆಣೆ', 'ಇಳಿಬೆಣೆ' ಇಟ್ಟುಕೊಂಡೆ. 'ವಾಲು' ಮತ್ತು 'ಓಟ' ಎಂಬ ಜೋಡಿಯೂ ಅಧ್ಯಾಯಕ್ಕೆ ಹೋಯಿತು. ತಂಗಿ ಮಗನಿಗೆ ಮತ್ತೆ ಓದಿಸಿದೆ. ಈ ಸಲ ಕೊಳ್ಳಬೇಕಾ ಎಂದು ಕೇಳಲಿಲ್ಲ. "ಇದು ಗುಡ್ಡದ ಚಿತ್ರವಾ?" ಎಂದ. ಪರವಾಗಿಲ್ಲ, ದುಡ್ಡಂತೂ ಉಳಿಯಿತು. ಹುಬ್ಬಳ್ಳಿಯವರ ಪ್ರಶ್ನೆಗೆ ನನ್ನ ಹತ್ತಿರ ಉತ್ತರವಿಲ್ಲ, ಮಂಗಳೂರಿನವರೇ ಬರೆಯಬೇಕು.

ಶಿರಸಿಯಿಂದ

ಎಲ್ಲ ಓದಿದೆ. ಹಾಗಾದರೆ 'ಬೆಣೆ ಮುರಿಯಿತು' ಅಂತ ಯಾಕೆ ಬರೆಯುತ್ತೀರಿ? ಕೊಡಲಿಯಲ್ಲಿ ಬೆಣೆ ಮುರಿಯುವುದು ತೀರಾ ಅಪರೂಪ. ಹಿಡಿತ ತಪ್ಪಿ ಜಾರಿ ಬರುತ್ತದೆ, ಅಷ್ಟೇ. ನಿಮ್ಮ ಲೆಕ್ಕದಲ್ಲೂ ಬೆಲೆ ಸುಮ್ಮನೆ ಕೂತಿತ್ತು, ಯಾವುದೂ ಮುರಿದಿಲ್ಲ. ಅದನ್ನು 'ಬೆಣೆ ಜಾರಿತು' ಎನ್ನಿ. ತಗ್ಗು ದಾಟಿ ಬಿದ್ದಾಗ ಬೇಕಾದರೆ 'ಮುರಿಯಿತು' ಎನ್ನಿ. ಎರಡಕ್ಕೂ ಒಂದೇ ಮಾತು ಇಟ್ಟರೆ ದಾವಣಗೆರೆಯ ಅಕ್ಕನಂಥವರಿಗೆ ಮತ್ತೆ ಗೊಂದಲ ಆಗುವುದಿಲ್ಲವೇ?