ರಜೆಯಲ್ಲಿ ಮಗು ಎಲ್ಲಿರಬೇಕು? ಗಂಟೆ ಲೆಕ್ಕ ಹಾಕಿದವರು ಹೇಳಿ

ಕೇಳಿದವರು: ಮಗಳಿಗೆ 7 ವರ್ಷ. ನಾವಿಬ್ಬರೂ ಕೆಲಸಕ್ಕೆ ಹೋಗ್ತೀವಿ. ಸಮ್ಮರ್ ಕ್ಯಾಂಪ್, ಹಾಬಿ ಕ್ಲಾಸ್, ಮನೆಯಲ್ಲೇ ಬಿಡೋದು, ಮೂರರಲ್ಲಿ ಯಾವುದು ಗಿಟ್ಟುತ್ತೆ?

ಇಬ್ಬರು ಮಕ್ಕಳ ಅಮ್ಮ: ಫೀಸನ್ನು ಕ್ಯಾಂಪಿನ ಗಂಟೆಗಳಿಂದ ಭಾಗಿಸಿದರೆ ಸಾಲದು, ನಿಮಗೆ ಬೇಕಾದ ಗಂಟೆಗಳಲ್ಲಿ ಎಷ್ಟು ತುಂಬಿತು ಅಂತ ನೋಡಿ. ನೀವು 9ಕ್ಕೆ ಮನೆ ಬಿಟ್ಟು 6ಕ್ಕೆ ವಾಪಸು ಬರ್ತೀರಿ ಅಂತಿಟ್ಟುಕೊಳ್ಳಿ. ದಿನಕ್ಕೆ 9 ಗಂಟೆ, 10 ದಿನಕ್ಕೆ 90. ಅರ್ಧ ದಿನದ ಕ್ಯಾಂಪ್ 9:30ರಿಂದ 12:30, ಅಂದರೆ ಒಟ್ಟು 30 ಗಂಟೆ ಮಾತ್ರ. ಅದರ ಫೀಸು 100 ಅನ್ನೋಣ (ಸುಮ್ನೆ ಹೋಲಿಕೆಗೆ). ಉಳಿದ 60 ಗಂಟೆಗೆ ಮನೆಯಲ್ಲಿ ನೋಡಿಕೊಳ್ಳುವವರು ಬೇಕೇ ಬೇಕು, ಅವರು ದಿನದ ಲೆಕ್ಕದಲ್ಲಿ ದುಡ್ಡು ತಗೊಳ್ಳೋರಾದರೆ ಬೆಳಗ್ಗೆ ಮಗು ಇರಲಿಲ್ಲ ಅಂತ ಏನೂ ಕಡಿಮೆ ಮಾಡಲ್ಲ. ಅವರಿಗೆ 120 ಆದರೆ ಒಟ್ಟು 220. ಪೂರ್ತಿ ದಿನದ ಕ್ಯಾಂಪ್ 180 ಕೇಳಿದಾಗ ದುಬಾರಿ ಅನ್ನಿಸುತ್ತೆ, ಆದರೆ ಈ 220ಕ್ಕಿಂತ ಅದೇ ಅಗ್ಗ. ಅದು ಮುಗಿಯೋದು 5ಕ್ಕೋ 6ಕ್ಕೋ, ತಡವಾಗಿ ಕರ್ಕೊಂಡು ಹೋದರೆ ಎಷ್ಟು ಹಾಕ್ತಾರೆ, ಇದನ್ನ ಫೀಸ್ ಕಟ್ಟೋ ಮೊದಲೇ ಕೇಳಿ.

ಇನ್ನೊಬ್ಬರು: ಇಷ್ಟೆಲ್ಲ ಯಾಕೆ, ಮನೆಯಲ್ಲಿ ಅಜ್ಜಿ ಇದ್ದರೆ ಖರ್ಚೇ ಇಲ್ಲ ಅಲ್ವಾ?

ಇಬ್ಬರು ಮಕ್ಕಳ ಅಮ್ಮ: ದುಡ್ಡಿನ ಖರ್ಚು ಇಲ್ಲ, ಸರಿ. ಆದರೆ 90 ಗಂಟೆ ಒಬ್ಬರ ತಲೆ ಮೇಲೆ ಹಾಕೋದು ಜಾಸ್ತಿ ಆಗುತ್ತೆ. ನಮ್ಮತ್ತೆ ಮಧ್ಯಾಹ್ನ ಮಲಗಿದರೆ ಮಗ ಟಿವಿ ಮುಂದೆ ಕೂರ್ತಿದ್ದ. ಅಜ್ಜಿ ಇರೋ ಮನೆಗೆ ಮಾತ್ರ ಅರ್ಧ ದಿನದ ಕ್ಯಾಂಪ್ ಸರಿಹೋಗುತ್ತೆ, 12:30ಕ್ಕೆ ಕರ್ಕೊಂಡು ಬರೋರು ಸಿಕ್ಕರೆ.

ಹೈಸ್ಕೂಲ್ ಹುಡುಗನ ಅಪ್ಪ: ನನ್ನ ಮಗನಿಗೆ ಚೆಸ್ಸಿಗಿಂತ ಈಜು ಇಷ್ಟವಾಯ್ತು, ನೀವೂ ಈಜಿಗೇ ಹಾಕಿ. ಅವನೇ ಸೈಕಲ್‌ನಲ್ಲಿ ಹೋಗಿಬರ್ತಾನೆ.

ಕೇಳಿದವರು: ಸರ್, ನಮ್ಮವಳಿಗೆ 7 ವರ್ಷ, ಒಬ್ಬಳೇ ಕಳಿಸೋಕಾಗಲ್ಲ! ಆದರೆ ಹಾಬಿ ಕ್ಲಾಸ್ ಲೆಕ್ಕ ಹೇಗೆ?

ಇಬ್ಬರು ಮಕ್ಕಳ ಅಮ್ಮ: ವಾರಕ್ಕೆ 3 ದಿನ, 1 ಗಂಟೆ ಅಂದರೆ ಎರಡು ವಾರಕ್ಕೆ 6 ಗಂಟೆ. ಬಿಟ್ಟು ಬರೋಕೆ, ಕರ್ಕೊಂಡು ಬರೋಕೆ ಅರ್ಧರ್ಧ ಗಂಟೆ ಹೋದರೆ ನಿಮಗೆ ಉಳಿದದ್ದು ಏನೂ ಇಲ್ಲ, ಹೊರಗೆ ಬೆಂಚಿನ ಮೇಲೆ ಕೂತು ಫೋನ್ ನೋಡ್ತೀರಿ ಅಷ್ಟೇ. ಕಲಿಯಲಿ ಅಂತ ಹಾಕಿ, ಸಂಜೆ ಇಟ್ಟುಕೊಳ್ಳಿ. ಮಗುವನ್ನು ನೋಡಿಕೊಳ್ಳೋ ಗಂಟೆಗೆ ಅದನ್ನು ಸೇರಿಸಬೇಡಿ.

ಕೇಳಿದವರು: ಪಕ್ಕದ ಮನೆಯವರ ಜೊತೆ ಸೇರಿ ಒಬ್ಬರನ್ನೇ ಇಟ್ಟುಕೊಂಡರೆ 120 ಅರ್ಧ ಆಗುತ್ತಲ್ವಾ?

ಇನ್ನೊಬ್ಬರು: ಎರಡು ಮಕ್ಕಳಾದರೆ ಅವರೂ ಜಾಸ್ತಿ ಕೇಳ್ತಾರೆ. ನಮಗೆ ಅರ್ಧ ಆಗಲಿಲ್ಲ. ಒಂದು ಮಗುಗೆ ಜ್ವರ ಬಂದ ದಿನ ಯಾರ ಮನೆಯಲ್ಲಿ ಅನ್ನೋದೂ ಮೊದಲೇ ಮಾತಾಡಿಕೊಳ್ಳಿ.